ನಮ್ಮೂರ ಹಾಲಿನ ಡೇರಿ ಚುನಾವಣೆ ಮತ್ತು ದುಡ್ಡಿನ ಅವ್ಯವಹಾರದ ಬಗ್ಗೆ ಸಹಕಾರ ಸಂಘಗಳ ನಿಬಂಧಕರಿಗೆ ದೂರು

ದಿನಾಂಕ: 12 ಮೇ 2025

ಇವರಿಗೆ,
ಸಹಕಾರ ಸಂಘಗಳ ನಿಬಂಧಕರು,
ಅಲಿ ಆಸ್ಕರ್ ರಸ್ತೆ, ಬೆಂಗಳೂರು

ಇವರಿಂದ,
ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ 43 ಜನ ಸದಸ್ಯರು (ಸಂಘದ ಹೆಸರು, ನೋಂದಣಿ ನಂಬರ್ ಇರೋ ಷೇರು ಸರ್ಟಿಫಿಕೇಟ್ ಜೆರಾಕ್ಸ್ ಮತ್ತೆ ಎಲ್ಲರ ಸಹಿ ಹಾಳೆ ಜೊತೆಗಿದೆ)

ವಿಷಯ: ಆಡಳಿತ ಮಂಡಳಿ ಚುನಾವಣೆಯಲ್ಲಿ ಅಕ್ರಮ, ಸಂಘದ ಹಣ ದುರುಪಯೋಗ, ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ 1959ರ ಕಲಂ 64ರ ಪ್ರಕಾರ ವಿಚಾರಣೆ ಮಾಡಿಸಬೇಕು ಅಂತ ಮನವಿ

ಮಾನ್ಯರೆ,

ನಾವು ಇದನ್ನ ಲಾಯರ್ ಹತ್ರ ಬರೆಸಿಲ್ಲ, ನಾವೇ ಕೂತು ಮೊಬೈಲಲ್ಲಿ ಟೈಪ್ ಮಾಡಿ ಪ್ರಿಂಟ್ ತೆಗೆಸಿದ್ದೀವಿ, ಅದಕ್ಕೆ ಭಾಷೆ ಕಚೇರಿ ತರ ಇಲ್ದೇ ಇದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮ ಉಪವಿಭಾಗದ ಕಚೇರಿಗೆ ಮಾರ್ಚ್ ತಿಂಗಳಲ್ಲೇ ಒಂದು ಅರ್ಜಿ ಕೊಟ್ಟಿದ್ವಿ, ಸ್ವೀಕೃತಿ ಸೀಲ್ ಹಾಕಿ ಕೊಟ್ರು, ಅದಾದ್ಮೇಲೆ ಎರಡು ಸಲ ಹೋಗಿ ಬಂದ್ವಿ, "ಫೈಲ್ ಟೇಬಲ್ ಮೇಲಿದೆ" ಅಂತಾರೆ. ಯಾವ ಟೇಬಲ್ ಅಂತ ಮಾತ್ರ ಹೇಳಲ್ಲ. ಅದಕ್ಕೆ ತಮ್ಮವರೆಗೂ ಬಂದಿದ್ದು.

ಮೊದಲು ಚುನಾವಣೆ ವಿಷಯ. ಸಂಘದಲ್ಲಿ ಒಟ್ಟು 412 ಸದಸ್ಯರು ಇದ್ದೀವಿ. ಫೆಬ್ರವರಿ ಚುನಾವಣೆಗೆ ಅಂತ ಹಾಕಿದ ಅರ್ಹ ಮತದಾರರ ಪಟ್ಟಿಯಲ್ಲಿ ಇರೋದು 167 ಹೆಸರು ಅಷ್ಟೇ. ಉಳಿದ 245 ಜನ ಏನಾದ್ರು ಅಂತ ಕೇಳಿದ್ರೆ ಮಹಾಸಭೆಗೆ ಬಂದಿಲ್ಲ, ಹಾಲು ಸರಿಯಾಗಿ ಹಾಕಿಲ್ಲ, ಅದಕ್ಕೆ ಅನರ್ಹ ಅಂದ್ರು. ಸಭೆಗೆ ಬರಬೇಕು, ಬೈಲಾದಲ್ಲಿ ಹೇಳಿದಷ್ಟು ದಿನ ಹಾಲು ಹಾಕಬೇಕು ಅನ್ನೋದು ನಮಗೂ ಗೊತ್ತು, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರು ಇರೋದು ಯಾರು ಬಂದ್ರು ಯಾರು ಬರಲಿಲ್ಲ ಅಂತ ಬರೆಯೋ ಪುಸ್ತಕ ಯಾರ ಕೈಯಲ್ಲಿದೆ ಅನ್ನೋದರ ಮೇಲೆ. 24 ಸೆಪ್ಟೆಂಬರ್ 2023ರ ಮಹಾಸಭೆಯಲ್ಲಿ ನಾನು ಮುಂದಿನ ಸಾಲಲ್ಲೇ ಕೂತಿದ್ದೆ, ಲೆಕ್ಕ ಓದಿ ಹೇಳಿ ಅಂತ ಎದ್ದು ನಿಂತು ಕೇಳಿದೋನೂ ನಾನೇ, ಆ ದಿನದ ಫೋಟೋ ಲಗತ್ತಿಸಿದ್ದೀನಿ, ಹಾಜರಿ ಪುಸ್ತಕದಲ್ಲಿ ನನ್ನ ಹೆಸರೇ ಇಲ್ಲ. ಆದ್ರೆ ನಮ್ಮಪ್ಪಂದು ಇದೆ! ನಮ್ಮಪ್ಪ ತೀರ್ಕೊಂಡಿದ್ದು 2021ರ ಮೇನಲ್ಲಿ, ಕೊರೋನಾ ಎರಡನೇ ಅಲೆ ಟೈಮಲ್ಲಿ. ಮರಣ ಪ್ರಮಾಣ ಪತ್ರ ಇಟ್ಟಿದ್ದೀನಿ. ಇನ್ನೊಂದು ಮಾತು, ನಮ್ಮಪ್ಪ ಇರೋವರೆಗೂ ಪಾಸ್‌ಬುಕ್ಕಿಗೂ ಪಹಣಿ ಅರ್ಜಿಗೂ ಹೆಬ್ಬೆಟ್ಟೇ ಒತ್ತಿದೋರು, ಹಾಜರಿ ಪುಸ್ತಕದಲ್ಲಿ ಮಾತ್ರ ಚಂದವಾಗಿ ಸಹಿ ಮಾಡವ್ರೆ. ಇದೇ ತರ ಒಟ್ಟು 9 ಜನ ತೀರ್ಕೊಂಡಿರೋರ ಹೆಸರು ಅರ್ಹ ಪಟ್ಟಿಯಲ್ಲಿದೆ, ಅವರ ಮನೆಯವರು ಬರೆದು ಕೊಟ್ಟಿರೋದೂ ಜೊತೆಗಿದೆ. ಬದುಕಿರೋರು ಅನರ್ಹ, ಸತ್ತಿರೋರು ಅರ್ಹ.

ಕರಡು ಪಟ್ಟಿನ ಡೇರಿ ಬೋರ್ಡಿಗೆ ಹಾಕಿದ್ದು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ದಿನಾ ಎರಡು ಹೊತ್ತು ಅಲ್ಲೇ ಕ್ಯಾನ್ ಹಿಡ್ಕೊಂಡು ಕ್ಯೂ ನಿಲ್ಲೋರು ನಾವು, ನಮ್ಮ ಕಣ್ಣಿಗೆ ಬೀಳದ ನೋಟಿಸು ಅದು. ಆಕ್ಷೇಪಣೆ ಕೊಡೋಕೆ ಹೋದಾಗ ಟೈಮ್ ಮುಗೀತು ಅಂದ್ರು.

ನಾಮಪತ್ರ ಹಾಕಿದೋರು 19 ಜನ, ಸೀಟು 13. ಪರಿಶೀಲನೆ ದಿನ ಸರಿಯಾಗಿ 6 ನಾಮಪತ್ರ ತಿರಸ್ಕಾರ ಆಯ್ತು, ಉಳಿದೋರು 13, ಎಲ್ಲಾ ಅವಿರೋಧ ಆಯ್ಕೆ ಅಂತ ಘೋಷಣೆ, ಹಾರ, ಪಟಾಕಿ. ಲೆಕ್ಕ ಎಷ್ಟು ಕರೆಕ್ಟಾಗಿ ಕೂತಿದೆ ನೋಡಿ. ತಿರಸ್ಕಾರ ಆದ ಆರರಲ್ಲಿ ನಾಲ್ಕು ಜನಕ್ಕೆ ಕೊಟ್ಟ ಕಾರಣ "ಸುಸ್ತಿದಾರರು" ಅಂತ. ಅದರಲ್ಲಿ ಒಬ್ಬ ಹೆಣ್ಣುಮಗಳು, ಪಶು ಆಹಾರದ ಬಾಕಿ 1,150 ರೂಪಾಯಿ ಇದೆ ಅಂದ್ರು, ಆಯಮ್ಮನ ಹತ್ರ ಆ ದುಡ್ಡು ಹಾಲಿನ ಬಟವಾಡೆಯಲ್ಲೇ ಕಟಾವಾಗಿರೋ ಚೀಟಿ ಇದೆ, ನವೆಂಬರ್ ತಿಂಗಳದ್ದು, ತೋರಿಸಿದ್ರೂ ಚುನಾವಣಾಧಿಕಾರಿ ನೋಡಲಿಲ್ಲ, ಕಾರ್ಯದರ್ಶಿ ಕೊಟ್ಟ ಪಟ್ಟಿ ಮೇಲೆ ಹೋಗ್ತೀನಿ ಅಂದ್ರು. ಆ ಪಟ್ಟಿ ಕೊಟ್ಟ ಕಾರ್ಯದರ್ಶಿ ಹಳೇ ಅಧ್ಯಕ್ಷರ ಅಕ್ಕನ ಮಗ. ಚುನಾವಣೆ ರದ್ದು ಮಾಡ್ಬೇಕು ಅಂತ ಕಲಂ 70ರ ಕೆಳಗೆ ಮಾರ್ಚ್ 10ಕ್ಕೇ ಬೇರೆಯಾಗಿ ದಾವಾ ಹಾಕಿದ್ದೀವಿ, ಅದು ಅದರ ಪಾಡಿಗೆ ನಡೀಲಿ. ಇಲ್ಲಿ ನಾವು ಕೇಳ್ತಿರೋದು ಹಾಜರಿ ಪುಸ್ತಕ, ಬಾಕಿ ಪುಸ್ತಕ ತಿದ್ದಿರೋದರ ತನಿಖೆ, ಯಾಕಂದ್ರೆ ಇವೆರಡು ಪುಸ್ತಕ ಅವರ ಹತ್ರ ಇರೋವರೆಗೂ ಎಷ್ಟು ಸಲ ಚುನಾವಣೆ ಮಾಡಿದ್ರೂ ಇದೇ ಹದಿಮೂರು ಜನ ಬರ್ತಾರೆ.

ಈಗ ದುಡ್ಡಿನ ವಿಷಯ, ಚುನಾವಣೆಯಲ್ಲಿ ಯಾಕಿಷ್ಟು ಒದ್ದಾಡಿದ್ರು ಅಂತ ಇದರಲ್ಲಿ ತಿಳಿಯುತ್ತೆ.

ಡೇರಿ ಬಾಗಿಲಲ್ಲಿ ಊರೋರಿಗೆ ಚಿಲ್ಲರೆ ಹಾಲು ಮಾರ್ತಾರೆ, ಲೀಟರಿಗೆ 45 ರೂಪಾಯಿ, ನಗದು. ನಮ್ಮ ಹುಡುಗರು ಕಳೆದ ಜನವರಿಯಲ್ಲಿ 21 ದಿನ ಎರಡೂ ಹೊತ್ತು ಎದುರು ಕಟ್ಟೆ ಮೇಲೆ ಕೂತು ಲೆಕ್ಕ ಹಾಕಿದ್ರು, ದಿನಕ್ಕೆ ಸರಾಸರಿ 37 ಲೀಟರ್ ಹೋಗುತ್ತೆ. ಪುಸ್ತಕದಲ್ಲಿ ಬರೆಯೋದು 12. ದಿನಕ್ಕೆ 25 ಲೀಟರ್ ಅಂದ್ರೆ 1,125 ರೂಪಾಯಿ, ವರ್ಷಕ್ಕೆ 4,10,625 ರೂಪಾಯಿ. ಹಬ್ಬದ ದಿನ ಹಾಲು ಜಾಸ್ತಿ ಹೋಗೋದನ್ನ ನಾವು ಸೇರಿಸಿಲ್ಲ. ಸ್ಯಾಂಪಲ್ ಹಾಲಿನ ಲೆಕ್ಕ ಅಂತೂ ಪುಸ್ತಕದಲ್ಲೇ ಇಲ್ಲ, ದಿನಾ ನೂರಾರು ಜನರ ಹಾಲಿಂದ ತೆಗೆಯೋ ಸ್ಯಾಂಪಲ್ ಎಲ್ಲಾ ಸೇರಿದ್ರೆ ಎಷ್ಟಾಗುತ್ತೆ ಅಂತ ತಮಗೆ ಹೇಳಬೇಕಾಗಿಲ್ಲ.

ಫ್ಯಾಟ್ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮಗೆ ಚೀಟಿಯಲ್ಲಿ 3.5, 3.6 ಅಂತ ಬರೆದು ಕೊಡ್ತಾರೆ, ಅದರ ಮೇಲೆ ದುಡ್ಡು. ಅದೇ ಹಾಲು ಒಕ್ಕೂಟದ ಟ್ಯಾಂಕರಿಗೆ ಹೋದಾಗ ಅಲ್ಲಿ ಬರೋದು 4.0, 4.1. ಒಕ್ಕೂಟದ ದಿನದ ಚೀಟಿಗಳು 30 ದಿನದ್ದು ಸಿಕ್ಕಿವೆ, ಹೇಗೆ ಸಿಕ್ತು ಅಂತ ಕೇಳಬೇಡಿ, ತನಿಖೆ ಬಂದ್ರೆ ಒಕ್ಕೂಟದಿಂದಲೇ ನೇರವಾಗಿ ತರಿಸಿಕೊಳ್ಳಬಹುದು. ಹಸು ಕೊಟ್ಟಿದ್ದು ಕಡಿಮೆ, ದಾರಿಯಲ್ಲಿ ಫ್ಯಾಟ್ ಹೆಚ್ಚಾಗೋಯ್ತು ಅಂದ್ರೆ ಯಾರು ನಂಬ್ತಾರೆ. ಹೋಗ್ಲಿ, ಆ ವ್ಯತ್ಯಾಸದ ದುಡ್ಡು ಸಂಘದ ಲಾಭದಲ್ಲಾದ್ರೂ ಕಾಣಬೇಕಲ್ವಾ, ಲಾಭ ಬಂದ್ರೆ ಕಾಲು ಭಾಗ ಆಪದ್ಧನ ನಿಧಿಗೆ ಹೋಗಿ ಉಳಿದಿದ್ದರಲ್ಲಿ ಬೋನಸ್ ಬರ್ತಿತ್ತು. 2023-24ರಲ್ಲಿ ಬೋನಸ್ 2,16,000 ರೂಪಾಯಿ ಹಂಚಿದ್ದೀವಿ ಅಂತ ಲೆಕ್ಕದಲ್ಲಿದೆ, ಸಹಿ ಹಾಕಿದ 43ರಲ್ಲಿ 31 ಜನಕ್ಕೆ ಒಂದು ಪೈಸೆನೂ ಬಂದಿಲ್ಲ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಮಾತ್ರ ನೇರ ಬ್ಯಾಂಕ್ ಖಾತೆಗೆ ಬರೋದರಿಂದ ಉಳ್ಕೊಂಡಿದೆ.

ಕಟ್ಟಡ ನಿಧಿಯಿಂದ ರಿಪೇರಿ ಅಂತ 3,80,000 ರೂಪಾಯಿ ತೆಗೆದವ್ರೆ. ಆಗಿರೋ ಕೆಲಸ: ಹಿಂದಿನ ರೂಮಿಗೆ 14 ಶೀಟು, ಒಂದು ಬಾಗಿಲು, ಸುಣ್ಣ ಬಣ್ಣ. ಫೋಟೋ ಇದೆ, ಯಾರಾದ್ರೂ ಇಂಜಿನಿಯರ್ ಕರ್ಕೊಂಡು ಬಂದು ನೋಡಲಿ. ಕೊಟೇಶನ್ ಕರೆದಿಲ್ಲ, ಮಹಾಸಭೆ ಒಪ್ಪಿಗೆ ಇಲ್ಲ, ಬಿಲ್ ಮೂರೂ ಒಂದೇ ಹಾರ್ಡ್‌ವೇರ್ ಅಂಗಡಿದು, ಅಂಗಡಿ ಅಧ್ಯಕ್ಷರ ಭಾಮೈದಂದು. ಬಿಲ್ ತಾರೀಖು ಒಂದು ಜೂನ್, ಒಂದು ಸೆಪ್ಟೆಂಬರ್, ಒಂದು ಡಿಸೆಂಬರ್. ಬಿಲ್ ನಂಬರ್ 41, 42, 43. ಆರು ತಿಂಗಳಲ್ಲಿ ಆ ಅಂಗಡಿಯಲ್ಲಿ ನಮ್ಮ ಡೇರಿ ಬಿಟ್ರೆ ಬೇರೆ ಯಾರೂ ಒಂದು ಮೊಳೆನೂ ತಗೊಂಡಿಲ್ಲ ಅಂತಾಯ್ತು.

ಈ ಕಾಗದ ಸಿಕ್ಕಿದ್ದೂ ಸುಲಭಕ್ಕಲ್ಲ. ಸಂಘಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿದಾಗ ಸಹಕಾರ ಸಂಘಕ್ಕೆ ಆ ಕಾಯ್ದೆ ಬರಲ್ಲ, ಸುಪ್ರೀಂ ಕೋರ್ಟೇ 2013ರಲ್ಲಿ ಹೇಳಿದೆ ಅಂತ ಹಿಂಬರಹ ಕೊಟ್ರು. ಅದೇ ತೀರ್ಪಲ್ಲಿ ನಿಬಂಧಕರು ಕಾನೂನು ಪ್ರಕಾರ ಸಂಘದಿಂದ ತರಿಸಬಹುದಾದ ಮಾಹಿತಿನ ಇಲಾಖೆ ಮೂಲಕ ಕೇಳಬಹುದು ಅಂತಲೂ ಇರೋದನ್ನ ಓದಿರಲಿಲ್ಲ ಅನ್ಸುತ್ತೆ. ಇಲಾಖೆ ಮೂಲಕ ಕೇಳಿದ್ಮೇಲೆ 2022-23 ಮತ್ತು 2023-24ರ ಆಡಿಟ್ ವರದಿ ಬಂತು. ಎರಡರಲ್ಲೂ ನಗದು ಕೈಯಲ್ಲಿ ಇಟ್ಕೊಂಡಿದ್ದಕ್ಕೆ, ವೋಚರ್ ಇಲ್ಲದ ಖರ್ಚಿಗೆ ಆಡಿಟರ್ ಆಕ್ಷೇಪಣೆ ಬರೆದಿದ್ದಾರೆ, ಅನುಪಾಲನಾ ವರದಿ ಕೊಟ್ಟಿಲ್ಲ ಅಂತಲೂ ಬರೆದಿದ್ದಾರೆ. ಮಹಾಸಭೆಯಲ್ಲಿ ಈ ಪುಟ ಒಂದು ದಿನಾನೂ ಓದಿಲ್ಲ, ಕೇಸರಿಬಾತ್ ಬರೋಷ್ಟರಲ್ಲಿ ಸಭೆ ಮುಗಿದಿರುತ್ತೆ.

ಮಾರ್ಚ್ ಅರ್ಜಿ ಆದ್ಮೇಲೆ ಇನ್ನೊಂದು ಶುರುವಾಗಿದೆ. ಸಹಿ ಹಾಕಿದೋರ ಹಾಲು ವಾಪಸ್ ಕಳಿಸ್ತಾರೆ, ನೀರು ಇದೆ ಅಂತಾರೆ. ನಮ್ಮ ಬೀದಿಯಲ್ಲಿ ಗಂಡ ಇಲ್ಲದ ಒಬ್ಬ ಅಮ್ಮನಿಗೆ ಇರೋದು ಒಂದೇ ಹಸು, ಏಪ್ರಿಲ್‌ನಲ್ಲಿ ನಾಲ್ಕು ದಿನ ಆಯಮ್ಮನ ಹಾಲು ತಗೊಂಡಿಲ್ಲ. ಐದನೇ ದಿನ ಅದೇ ಹಸುವಿನ ಹಾಲನ್ನ ಪಕ್ಕದ ಮನೆಯೋರ ಕ್ಯಾನಲ್ಲಿ ಹಾಕಿ ಕಳಿಸಿದ್ವಿ, ಏನೂ ಮಾತಾಡದೆ ತಗೊಂಡ್ರು, ಫ್ಯಾಟ್ 3.8 ಬಂತು. ಆಯಮ್ಮ ಸಹಿ ವಾಪಸ್ ತಗೋತೀನಿ ಅಂತ ಬಂದಿದ್ರು, ನಾವೇ ತಡೆದಿದ್ದೀವಿ, ಆದ್ರೆ ಎಷ್ಟು ದಿನ ಅಂತ ತಡೆಯೋದು. ದಯವಿಟ್ಟು ಇದನ್ನ ಮೊದಲು ನೋಡಿ.

ನಾವು ಕೇಳ್ಕೊಳ್ಳೋದು ಇಷ್ಟು. ಮೂರನೇ ಒಂದು ಭಾಗ ಸದಸ್ಯರ ಸಹಿ ಇಲ್ಲ ಅಂತ ವಾಪಸ್ ಕಳಿಸಬೇಡಿ, ತಾವು ಸ್ವತಃ ಕಲಂ 64ರಲ್ಲಿ ವಿಚಾರಣೆಗೆ ಆದೇಶ ಮಾಡಬಹುದು, ವಿಚಾರಣಾಧಿಕಾರಿ ನಮ್ಮ ತಾಲ್ಲೂಕು ಬಿಟ್ಟು ಬೇರೆ ಕಡೆಯವರಾಗಿರಲಿ. ಅವರು ಬರೋದಕ್ಕೆ ಮುಂಚೆನೇ ಹಾಜರಿ ಪುಸ್ತಕ, ನಡಾವಳಿ ಪುಸ್ತಕ, ನಗದು ಪುಸ್ತಕ, ಚಿಲ್ಲರೆ ಮಾರಾಟದ ಪುಸ್ತಕ, ಫ್ಯಾಟ್ ಮೆಷಿನ್ ಕಂಪ್ಯೂಟರ್ ಡೇಟಾ ವಶಕ್ಕೆ ತಗೊಳ್ಳಿ, ಮುಂಚೆ ತಿಳಿಸಿ ಬಂದ್ರೆ ಪುಸ್ತಕಕ್ಕೆ ಗೆದ್ದಲು ಹತ್ತುತ್ತೆ. ನಷ್ಟ ಸಾಬೀತಾದ್ರೆ ಕಲಂ 69ರಲ್ಲಿ ಯಾರ್‍ಯಾರ ಮೇಲೆ ಎಷ್ಟೆಷ್ಟು ಅಂತ ಹಾಕಿ ವಸೂಲಿ ಮಾಡಿಸಿ, ಸಂಘದ ದುಡ್ಡಲ್ಲೇ ಕಟ್ಟಿಸಬೇಡಿ. ವಿಚಾರಣೆ ಮುಗಿಯೋವರೆಗೂ ಅಧ್ಯಕ್ಷರು ಕಾರ್ಯದರ್ಶಿ ಚೆಕ್ ಸಹಿ ಮಾಡದ ಹಾಗೆ ಬ್ಯಾಂಕಿಗೆ ಸೂಚನೆ ಕೊಡಿಸಿ, ಅಕ್ರಮ ಕಂಡ್ರೆ ಕಲಂ 30ರಲ್ಲಿ ಮಂಡಳಿ ತೆಗೆದು ಆಡಳಿತಾಧಿಕಾರಿ ಹಾಕಿ. ಮನೆ ಮನೆಗೆ ಹೋಗಿ ಸದಸ್ಯರ ಪಟ್ಟಿ ಹೊಸದಾಗಿ ಮಾಡಿಸಿ, ನಮ್ಮಪ್ಪನ ಹೆಸರು ತೆಗೆಸಿ.

ಬೆಳಿಗ್ಗೆ 6ರಿಂದ 8, ಸಂಜೆ 5ರಿಂದ 7 ಬಿಟ್ಟು ಯಾವಾಗ ಕರೆದ್ರೂ ಬರ್ತೀವಿ, ಆ ಹೊತ್ತಲ್ಲಿ ಹಾಲು ಕರೀಬೇಕು.

ಇಂತಿ ತಮ್ಮ ವಿಶ್ವಾಸಿ,
43 ಸದಸ್ಯರ ಪರವಾಗಿ, ಷೇರು ನಂಬರ್ 318

ಲಗತ್ತು: ಸಹಿ ಹಾಳೆ, ಷೇರು ಸರ್ಟಿಫಿಕೇಟ್, ಮಾರ್ಚ್ ಅರ್ಜಿ ಸ್ವೀಕೃತಿ, ಮತದಾರರ ಪಟ್ಟಿ, 9 ಮರಣ ಪ್ರಮಾಣ ಪತ್ರ, ಮಹಾಸಭೆ ಫೋಟೋ ಮತ್ತು ಹಾಜರಿ ಪುಟದ ನಕಲು, ಬಟವಾಡೆ ಚೀಟಿ, 21 ದಿನದ ಚಿಲ್ಲರೆ ಲೆಕ್ಕ, ಒಕ್ಕೂಟದ 30 ಚೀಟಿ, ಬಿಲ್ 41 ರಿಂದ 43, ಎರಡು ಆಡಿಟ್ ವರದಿ

ಪ್ರತಿ: ನಮ್ಮ ಜಿಲ್ಲೆಯ ಉಪನಿಬಂಧಕರಿಗೆ, ಸಹಕಾರ ಚುನಾವಣಾ ಪ್ರಾಧಿಕಾರಕ್ಕೆ, ಒಕ್ಕೂಟದ ವ್ಯವಸ್ಥಾಪಕ ನಿರ್ದೇಶಕರಿಗೆ