ಅಧ್ಯಾಯ 1: ಪೀಠಿಕೆ (ಪರಿಷ್ಕೃತ)

ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಪ್ತೊರಾ ರೋಗಾಣುವಿನ ಕುರಿತೂ ಅದನ್ನು ತಡೆಯುವ ಬೋರ್ಡೋ ದ್ರಾವಣದ ಕುರಿತೂ ಸಾಕಷ್ಟು ಅಧ್ಯಯನಗಳಿವೆ. ಆದರೆ ಮಳೆ ಹೊಳವಾಗದ ದಿನಗಳಲ್ಲಿ ಸಣ್ಣ ಹಿಡುವಳಿದಾರನು ಔಷಧಿ ಹೊಡೆಸುವ ದಿನವನ್ನು ಹೇಗೆ ನಿರ್ಧರಿಸುತ್ತಾನೆ ಎಂಬ ಪ್ರಶ್ನೆಯನ್ನು ಈ ಪ್ರಬಂಧಕ್ಕಾಗಿ ಪರಿಶೀಲಿಸಿದ ಅಧ್ಯಯನಗಳು ಮುಖ್ಯವಾಗಿ ಎತ್ತಿಕೊಂಡಿಲ್ಲ. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಎರಡು ಎಕರೆಗಿಂತ ಕಡಿಮೆ ತೋಟವುಳ್ಳ ಬೆಳೆಗಾರರು ಈ ನಿರ್ಧಾರವನ್ನು ಯಾವ ಆಧಾರದ ಮೇಲೆ ಕೈಗೊಳ್ಳುತ್ತಾರೆ ಎಂಬುದನ್ನು ತಿಳಿಯುವುದೇ ಪ್ರಸ್ತುತ ಸಂಶೋಧನೆಯ ಉದ್ದೇಶ.

ಕೊಳೆರೋಗದ ವೈಜ್ಞಾನಿಕ ಅಧ್ಯಯನ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 20ನೆಯ ಶತಮಾನದ ಆರಂಭದಲ್ಲೇ ಇದನ್ನು ಕೈಗೆತ್ತಿಕೊಂಡಿದ್ದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರಿನ ಪ್ರಮಾಣದಲ್ಲಿ ಸಿದ್ಧಪಡಿಸಿದ ಶೇ. 1ರ ದ್ರಾವಣವನ್ನು ಮುಂಗಾರಿಗೆ ಮುನ್ನ ಒಮ್ಮೆ, ಸುಮಾರು 40–45 ದಿನಗಳ ನಂತರ ಮತ್ತೊಮ್ಮೆ ಸಿಂಪಡಿಸಬೇಕೆಂಬ ಶಿಫಾರಸು ಮಲೆನಾಡಿನ ಬೆಳೆಗಾರರಿಗೆ ಬಾಯಿಪಾಠವಾಗಿದೆ. ತೊಡಕಿರುವುದು ಎರಡನೆಯ ಸಿಂಪಡಣೆಯಲ್ಲಿ. ಅದರ ಸರದಿ ಬರುವ ವೇಳೆಗೆ ಆಷಾಢದ ಮಳೆ ಹಿಡಿದಿರುತ್ತದೆ, ಜಾರುವ ಮರವನ್ನು ಕೊನೆಗಾರ ಏರಲಾರ, ಹೊಳವಾದ ದಿನ ಊರಿನ ಎಲ್ಲ ತೋಟಗಳಿಗೂ ಅವನೊಬ್ಬನೇ ಬೇಕು. ದೊಡ್ಡ ಹಿಡುವಳಿದಾರನು ಮುಂಗಡ ಕೊಟ್ಟು ಅವನನ್ನು ಗೊತ್ತುಮಾಡಿಕೊಂಡಿದ್ದರೆ, ಸಣ್ಣವನ ಸರದಿ ಬರುವಷ್ಟರಲ್ಲಿ ಕಾಯಿ ಉದುರತೊಡಗಿರುತ್ತದೆ. ಇಂಥ ವಿಳಂಬವನ್ನು ಬೆಳೆಗಾರನ ಅಜ್ಞಾನವೆಂದು ಪರಿಗಣಿಸುವುದು ಸರಿಯಲ್ಲವೆಂಬುದು ಸಂಶೋಧಕಿಯ ನಿಲುವು.

ಆದ್ದರಿಂದ ಈ ಪ್ರಬಂಧವು ಮಳೆ, ಕೊನೆಗಾರರ ಲಭ್ಯತೆ ಹಾಗೂ ಕೈಯಲ್ಲಿರುವ ಹಣ ಎಂಬ ಮೂರು ಅಂಶಗಳನ್ನು ಸಂದರ್ಶನಗಳ ಮೂಲಕ ಪರಿಶೀಲಿಸುತ್ತದೆ. ದ್ರಾವಣದ ಪರಿಣಾಮಕಾರಿತ್ವದ ಪರೀಕ್ಷೆ ಇದರ ವ್ಯಾಪ್ತಿಗೆ ಸೇರಿಲ್ಲ.