ಕೆಲಸ ಬದಲಾಯಿಸಿದ್ದೇನೆ: ಸ್ಯಾಂಪಲ್ ರೂಮಿನಿಂದ ಮೂಡಿಗೆರೆಯ ತೋಟಗಳ ಕಡೆಗೆ

ಈ ತಿಂಗಳ ಮೊದಲ ಸೋಮವಾರ ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರ ರೈತ ಉತ್ಪಾದಕ ಕಂಪನಿಯೊಂದಕ್ಕೆ ಸೇರಿದ್ದೇನೆ. ಗುಣಮಟ್ಟ ಪರೀಕ್ಷೆ ಮತ್ತು ದಾಖಲೆಗಳ ಕೆಲಸ. 2018ರಿಂದ ಚಿಕ್ಕಮಗಳೂರಿನಲ್ಲಿ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರ ಸ್ಯಾಂಪಲ್ ರೂಮಿನಲ್ಲಿದ್ದೆ. ಎರಡೂ ಕಡೆಯ ಹೆಸರು ಪ್ರೊಫೈಲ್‌ನಲ್ಲಿದೆ.

ಈ ಪೋಸ್ಟಿನ ಮೊದಲ ಕರಡು ಇದರ ಮೂರರಷ್ಟು ಉದ್ದವಿತ್ತು. ಹೈಸ್ಕೂಲ್ ಟೀಚರ್ ಆಗಿರುವ ನಮ್ಮಕ್ಕ ಓದಿ, "ಇದ್ರಲ್ಲಿ ಬರೀ ನೀನೇ ಇದೀಯ ಕಣೋ, ಕೆಲಸ ಎಲ್ಲೂ ಕಾಣ್ಲಿಲ್ಲ" ಅಂದಳು. ಹಾಗಾಗಿ ಪಯಣ, ಕನಸು, ಸವಾಲು, ನಾಯಕತ್ವ ಎಲ್ಲವನ್ನೂ ಹೊಡೆದುಹಾಕಿದ್ದೇನೆ. ಉಳಿದದ್ದು ಇಷ್ಟು.

ನನ್ನ ದಿನನಿತ್ಯದ ಕೆಲಸ ಔಟ್‌ಟರ್ನ್ ತೆಗೆಯುವುದು. ಕಾಫಿಯವರಿಗೆ ಗೊತ್ತಿರುವ ಮಾತೇ, ಬೇರೆಯವರಿಗಾಗಿ ಹೇಳುತ್ತೇನೆ. ಒಣಗಿದ ರೋಬಸ್ಟಾ ಚೆರ್ರಿ 50 ಕೆಜಿ ಮೂಟೆಯಲ್ಲಿ ಬರುತ್ತದೆ. ಸಿಪ್ಪೆ ತೆಗೆದ ಮೇಲೆ ಸಿಗುವ ಬೀಜ 26 ಕೆಜಿಯೋ 28 ಕೆಜಿಯೋ ಎನ್ನುವುದರ ಮೇಲೆ ಬೆಳೆಗಾರರ ಕೈಗೆ ಬರುವ ದುಡ್ಡು ನಿಂತಿದೆ. ನೂರು ಮೂಟೆ ತಂದವರಿಗೆ ಆ ಎರಡು ಕೆಜಿಯ ವ್ಯತ್ಯಾಸ ಅಂದರೆ 200 ಕೆಜಿ ಬೀಜ. ಆದ್ದರಿಂದ ಸ್ಯಾಂಪಲ್ ಹೇಗೆ ತೆಗೆಯುತ್ತೇವೆ ಅನ್ನುವುದೇ ದೊಡ್ಡ ವಿಷಯ. ಮೇಲಿನ ನಾಲ್ಕು ಮೂಟೆಗೆ ಕೈ ಹಾಕಿ ಬಂದರೆ ಆಗುವುದಿಲ್ಲ. ಲಾರಿಯ ತಳದಲ್ಲಿರುವ ಮೂಟೆಗೂ ಸ್ಯಾಂಪಲ್ ತೆಗೆಯುವ ಬಂಬು ಚುಚ್ಚಬೇಕು.

ಇದನ್ನು ಕಲಿಸಿದವರು ಗೋಡೌನಿನ ಹಿರಿಯ ಮೇಸ್ತ್ರಿ. ಒಂದು ಹಿಡಿ ಚೆರ್ರಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಗಲಗಲ ಅಂದರೆ ಒಣಗಿದೆ, ಮಂಕಾಗಿ ಕೇಳಿಸಿದರೆ ಇನ್ನೂ ಕಣದಲ್ಲಿ ಹರಡಬೇಕಿತ್ತು. ಆಮೇಲೆ ನಾನು ಮಾಯಿಶ್ಚರ್ ಮೀಟರ್ ಇಟ್ಟು ನೋಡುತ್ತಿದ್ದೆ. ರೋಬಸ್ಟಾ ಚೆರ್ರಿಗೆ ತೇವಾಂಶ 11 ಶೇಕಡಾ ದಾಟಬಾರದು. ಅವರ ಕಿವಿಗೂ ನನ್ನ ಮೀಟರಿಗೂ ಜಗಳ ಬಂದದ್ದು ಕಡಿಮೆ.

ಹಳೆಯ ಕರಡಿನಲ್ಲಿ "ಬೆಳೆಗಾರರ ಸೇವೆಯಲ್ಲಿ ಪಾರದರ್ಶಕತೆಯ ಹೊಸ ಅಧ್ಯಾಯ ಬರೆದೆ" ಅಂತ ಒಂದು ಸಾಲಿತ್ತು. ನಡೆದದ್ದು ಏನೆಂದರೆ, ಇಂಗ್ಲಿಷಿನಲ್ಲಿ ಮಾತ್ರ ಇದ್ದ ಸ್ಯಾಂಪಲ್ ರಿಪೋರ್ಟನ್ನು ಕನ್ನಡದಲ್ಲೂ ಕೊಡಲು ಶುರುಮಾಡಿದೆವು. ಕೇಳಿದ್ದು ಆಲ್ದೂರು ಕಡೆಯ ಬೆಳೆಗಾರರೊಬ್ಬರು. ನಮೂನೆ ತಯಾರಿಸಿದ್ದು ನಾನು. ಒಪ್ಪಿಗೆ ಕೊಡಿಸಿದ್ದು ಮ್ಯಾನೇಜರ್ ಸರ್. ಪ್ರತಿಯೊಬ್ಬರಿಗೂ ಓದಿ ಹೇಳುವ ತಾಳ್ಮೆ ಇದ್ದದ್ದು ಕೌಂಟರಿನಲ್ಲಿದ್ದ ಇಬ್ಬರು ಹೆಣ್ಣುಮಕ್ಕಳಿಗೆ. ರಿಪೋರ್ಟ್ ಜನರಿಗೆ ಅರ್ಥವಾಗಿದ್ದರೆ ಅದು ಅವರಿಂದ.

ಹೊಸ ಜಾಗದಲ್ಲಿ ಕೆಲಸ ಎರಡು ಬಗೆಯದು. ಮೊದಲನೆಯದು ಹಳೆಯದೇ: ಬೆಳೆಗಾರರು ಮಾರುವ ಮೊದಲೇ ತಮ್ಮ ಕಾಫಿಯ ಔಟ್‌ಟರ್ನ್ ಎಷ್ಟು ಅಂತ ತಿಳಿದುಕೊಳ್ಳಲು ಒಂದು ಸಣ್ಣ ಪರೀಕ್ಷಾ ಕೋಣೆ. ಎರಡನೆಯದು ನನಗೆ ಹೊಸದು. ಯುರೋಪಿನ ಒಕ್ಕೂಟದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿನ ಮಾರುಕಟ್ಟೆಗೆ ಹೋಗುವಂತಿಲ್ಲ. ತೋಟ ಎಲ್ಲಿದೆ ಅನ್ನುವುದಕ್ಕೆ ಜಿಪಿಎಸ್ ಗುರುತು ಬೇಕು. 4 ಹೆಕ್ಟೇರ್, ಅಂದರೆ ಹತ್ತಿರಹತ್ತಿರ ಹತ್ತು ಎಕರೆಗಿಂತ ದೊಡ್ಡ ತೋಟವಾದರೆ ಸುತ್ತಲಿನ ಗಡಿಯನ್ನೇ ಗುರುತಿಸಬೇಕು, ಸಣ್ಣದಾದರೆ ಒಂದು ಬಿಂದು ಸಾಕು. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಣ್ಣವರೇ, ಅಷ್ಟರಮಟ್ಟಿಗೆ ಸಲೀಸು. ಆದರೆ ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದು, ತೋಟ ನೋಡಿಕೊಳ್ಳುವವರು ಮೂವರು ಅಣ್ಣತಮ್ಮಂದಿರಾಗಿದ್ದರೆ ಬಿಂದು ಎಲ್ಲಿಡುವುದು, ಯಾರ ಹೆಸರಿನಲ್ಲಿಡುವುದು? ಫೋನಿನಲ್ಲಿ ನಕ್ಷೆ ತೆಗೆಯಲು ಬರುತ್ತದೆ. ಈ ಪ್ರಶ್ನೆಗೆ ಉತ್ತರ ಮಾತ್ರ ಇನ್ನೂ ನನ್ನ ಹತ್ತಿರ ಇಲ್ಲ.

ಸಂಬಳ ಹೆಚ್ಚಾಯಿತಾ ಅಂತ ಈಗಾಗಲೇ ಕೆಲವರು ಇನ್‌ಬಾಕ್ಸಿನಲ್ಲಿ ಕೇಳಿದ್ದಾರೆ. ಇಲ್ಲ. ಮನೆಯಿಂದ ದೂರ ಮಾತ್ರ ಹೆಚ್ಚಾಯಿತು.

ಹಾಸನ, ಸಕಲೇಶಪುರ, ಕೊಡಗಿನ ಕಡೆ ಒಟ್ಟು ಕುಟುಂಬದ ತೋಟಗಳ ದಾಖಲೆಯನ್ನು ಯಾರಾದರೂ ಸರಿಯಾಗಿ ಮಾಡಿ ಮುಗಿಸಿದ್ದರೆ, ಒಂದು ದಿನ ಬಂದು ನೋಡಲು ಅವಕಾಶ ಕೊಡಿ, ಬಸ್ಸು ಹತ್ತಿ ಬರುತ್ತೇನೆ. ನನ್ನ ಹಳೆಯ ಜಾಗಕ್ಕೆ ಸ್ಯಾಂಪಲ್ ರೂಮಿಗೆ ಒಬ್ಬರು ಬೇಕಾಗಿದ್ದಾರೆ. ಬಿಎಸ್ಸಿ ಆಗಿದ್ದು, ಕೊಯ್ಲಿನ ತಿಂಗಳುಗಳಲ್ಲಿ ಭಾನುವಾರವೂ ಬರಲು ತಯಾರಿರುವವರು ಮೆಸೇಜ್ ಮಾಡಿ, ಮ್ಯಾನೇಜರ್ ಸರ್ ನಂಬರ್ ಕೊಡುತ್ತೇನೆ.