ಎರಡು ಕೋಣೆ ಮನೆಯ ವೈರಿಂಗ್ ಎಸ್ಟಿಮೇಟ್

ಗಣಪತಣ್ಣನವರಿಗೆ, ಹೊಸನಗರ ತಾಲ್ಲೂಕು

ನಮಸ್ಕಾರ. ಭಾನುವಾರ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋದ ಲೆಕ್ಕ ಇದು. ಬೇರೆಯವರು ಒಟ್ಟು 25,000ಕ್ಕೆ ಮಾಡಿಕೊಡ್ತೀವಿ ಅಂದಿದ್ದಾರೆ ಅಂತ ಹೇಳಿದಿರಿ. ನನ್ನದು ಅದಕ್ಕಿಂತ ಜಾಸ್ತಿ ಆಗುತ್ತದೆ. ಯಾಕೆ ಅಂತ ನಿಮಗೂ ಅತ್ತಿಗೆಗೂ ಗೊತ್ತಾಗಲಿ ಅಂತ ಒಂದೊಂದನ್ನೂ ಬಿಡಿಸಿ ಬರೆದಿದ್ದೇನೆ. ರೇಟು ಈ ವಾರದ ಹೊಸನಗರದ ಅಂಗಡಿಯದ್ದು, ತೆರಿಗೆ ಸೇರಿ.

ಮೊದಲು ಪಾಯಿಂಟ್.

ಹೊರಕೋಣೆ: ಟ್ಯೂಬ್‌ಲೈಟ್ 1, ರಾತ್ರಿ ಬಲ್ಬ್ 1, ಫ್ಯಾನ್ 1, ಟಿವಿಗೆ ಪ್ಲಗ್ 1, ಮಂಚದ ಹತ್ತಿರ ಪ್ಲಗ್ 1. ಒಟ್ಟು 5.
ಅಡುಗೆ ಕೋಣೆ: ಟ್ಯೂಬ್‌ಲೈಟ್ 1, ಒಲೆಯ ಮೇಲೆ ಬಲ್ಬ್ 1, ಎಕ್ಸಾಸ್ಟ್ ಫ್ಯಾನ್ 1, ಮಿಕ್ಸಿ ಮತ್ತು ಫ್ರಿಜ್‌ಗೆ ಪ್ಲಗ್ 2, ಗ್ರೈಂಡರ್‌ಗೆ 16 ಆಂಪ್ಸ್ ಪವರ್ ಪಾಯಿಂಟ್ 1. ಒಟ್ಟು 6.
ಜಗಲಿ ಲೈಟ್ 1, ಅಂಗಳದ ಲೈಟ್ 1.
ಬಚ್ಚಲು: ಲೈಟ್ 1, ಗೀಸರ್‌ಗೆ ಪವರ್ ಪಾಯಿಂಟ್ 1.

ಎಲ್ಲಾ ಸೇರಿ 15. ಅದರಲ್ಲಿ ಲೈಟ್, ಫ್ಯಾನ್, ಸಣ್ಣ ಪ್ಲಗ್ 13, ಪವರ್ 2. ಹಂಡೆ ಒಲೆ ಇರುವಾಗ ಗೀಸರ್ ಪಾಯಿಂಟ್ ಯಾಕೆ ಅಂತ ಅಮ್ಮ ಕೇಳಿದರು. ಗೀಸರ್ ಈಗಲೇ ತಗೊಳ್ಳಬೇಕು ಅಂತಿಲ್ಲ. ಆದರೆ ಗಿಲಾವು ಆದ ಮೇಲೆ ಜಂಬಿಟ್ಟಿಗೆ ಗೋಡೆ ಮತ್ತೆ ಕೊರೆಯುವುದು ಬೇಡ. ಪಾಯಿಂಟ್ ಇರಲಿ.

ಈಗ ವೈರು. ಎಲ್ಲರೂ ಅಂದಾಜಿಗೆ ಬರೆಯುವುದು ಇದನ್ನೇ, ಆಮೇಲೆ ಅಂಗಡಿಗೆ ನಾಲ್ಕು ಸಲ ಓಡುವುದೂ ಇದಕ್ಕೇ. ಸ್ವಿಚ್ ಬೋರ್ಡ್ ನೆಲದಿಂದ 4 ಅಡಿ, ಗೋಡೆ ತಲೆ 10 ಅಡಿ. ಅಂದರೆ ಒಂದೊಂದು ಲೈಟಿಗೂ ಮೇಲೆ ಹತ್ತುವುದಕ್ಕೇ 6 ಅಡಿ ಹೋಗುತ್ತದೆ. ಅಲ್ಲಿಂದ ತೊಲೆಗುಂಟ ಲೈಟಿನವರೆಗೆ. ಹೀಗೆ ಬೋರ್ಡಿನಿಂದ ಅಳೆದಾಗ ಹತ್ತಿರದ ಲೈಟಿಗೆ 5 ಮೀಟರ್, ಅಂಗಳದ ಲೈಟಿಗೆ 9 ಮೀಟರ್. ಲೈಟ್ ಮತ್ತು ಫ್ಯಾನ್‌ನ 9 ಪಾಯಿಂಟ್ ಕೂಡಿದರೆ 54 ಮೀಟರ್. ಮೀಟರಿನಿಂದ ಬಂದ ಕರೆಂಟನ್ನು ಮನೆಗೆಲ್ಲಾ ಹಂಚುವ ಡಿಬಿ ಬಾಕ್ಸ್‌ನಿಂದ ಬೋರ್ಡುಗಳವರೆಗೆ 36 ಮೀಟರ್. ಎರಡೂ ಸೇರಿ 90. ಫೇಸ್‌ಗೆ ಕೆಂಪು 90, ನ್ಯೂಟ್ರಲ್‌ಗೆ ಕಪ್ಪು 90. ತುದಿ, ತಿರುವು, ಬೋರ್ಡಿನೊಳಗೆ ಬಿಡುವುದು ಅಂತ ನೂರಕ್ಕೆ ಹತ್ತು ಸೇರಿಸಿದರೆ ತಲಾ 99.

ಒಂದು ಕಾಯಿಲ್ 90 ಮೀಟರ್. ಹಾಗಾಗಿ ಬಣ್ಣಕ್ಕೊಂದು ಕಾಯಿಲ್ ತಂದು, ಉಳಿದ ಹತ್ತತ್ತು ಮೀಟರ್ ಬಿಡಿಯಾಗಿ ತರೋಣ. ಸುಮ್ನೆ ಇನ್ನೆರಡು ಕಾಯಿಲ್ ಬೇಡ.

1.5 ಎಂಎಂ ಕಾಯಿಲ್ 2 × 2,300 = 4,600
1.5 ಎಂಎಂ ಬಿಡಿ 20 ಮೀ × 28 = 560
1.5 ಎಂಎಂ ಹಸಿರು, ಅರ್ತ್‌ಗೆ, 53 ಮೀ × 28 = 1,484
2.5 ಎಂಎಂ, ಪವರ್ ಪಾಯಿಂಟ್‌ಗೆ, ಕೆಂಪು ಕಪ್ಪು ಹಸಿರು ತಲಾ 26 ಮೀ, ಒಟ್ಟು 78 × 45 = 3,510
4 ಎಂಎಂ, ಜಗಲಿಯ ಮೀಟರಿನಿಂದ ಡಿಬಿಗೆ, 14 ಮೀ × 65 = 910
ವೈರಿನ ಒಟ್ಟು 11,064

ಲೈಟಿಗೆ 1 ಎಂಎಂ ಸಾಕು ಅನ್ನುವವರಿದ್ದಾರೆ. ಅದರಲ್ಲಿ ಸ್ವಲ್ಪ ದುಡ್ಡು ಉಳಿಯುವುದೂ ನಿಜ. ಆದರೆ ಇದೇ ಲೈನಿನಲ್ಲಿ ಮಿಕ್ಸಿ, ಇಸ್ತ್ರಿ ಪೆಟ್ಟಿಗೆ ಎಲ್ಲಾ ಓಡುತ್ತವೆ, ಅಲ್ವಾ? ನಾನು 1.5ಕ್ಕಿಂತ ಸಣ್ಣದು ಹಾಕುವುದಿಲ್ಲ.

ಪೈಪು 20 ಎಂಎಂ, 3 ಮೀಟರಿನದು 34 × 75 = 2,550. ಬೆಂಡ್, ಜಂಕ್ಷನ್ ಬಾಕ್ಸ್, ಕ್ಲಾಂಪ್, ಅಂಟು 900. ಹೆಂಚಿನ ಮಾಡು ಇರುವುದರಿಂದ ಮೇಲೆ ತೊಲೆಗುಂಟ ಪೈಪು ಕಾಣುತ್ತದೆ. ಅಟ್ಟದಲ್ಲಿ ಒಂದು ಗೇಣು ವೈರೂ ಬರಿದಾಗಿ ಬಿಡುವುದಿಲ್ಲ. ನಿಮ್ಮಲ್ಲಿ ಅಡಿಕೆ ಚೀಲ ಇಡುತ್ತೀರಿ, ಇಲಿ ಬಂದೇ ಬರುತ್ತವೆ.

ಸ್ವಿಚ್ಚು, ಮಾಡ್ಯುಲರ್:
6 ಆಂಪ್ಸ್ ಸ್ವಿಚ್ 13 × 35 = 455
6 ಆಂಪ್ಸ್ ಸಾಕೆಟ್ 4 × 85 = 340
16 ಆಂಪ್ಸ್ ಸ್ವಿಚ್ 2 × 95 = 190
16 ಆಂಪ್ಸ್ ಸಾಕೆಟ್ 2 × 140 = 280
ಫ್ಯಾನ್ ರೆಗ್ಯುಲೇಟರ್ 1 = 320
ಪ್ಲೇಟ್ ಮತ್ತು ಕಬ್ಬಿಣದ ಬಾಕ್ಸ್ 7 ಜೊತೆ = 1,470
ಒಟ್ಟು 3,055

ಬಚ್ಚಲಿನ ಎರಡು ಸ್ವಿಚ್ಚೂ ಬಾಗಿಲಿನ ಹೊರಗೆ ಬರುತ್ತವೆ. ಒದ್ದೆ ಕೈಯಲ್ಲಿ ಒಳಗಿನಿಂದ ಒತ್ತುವ ಹಾಗೆ ಇರಬಾರದು.

ಹೋಲ್ಡರ್ 5, ಸೀಲಿಂಗ್ ರೋಸ್ 4, ಟೇಪು, ಸ್ಕ್ರೂ ಸೇರಿ 615.

ಡಿಬಿ ಬಾಕ್ಸ್ 950, ಮೇನ್ ಸ್ವಿಚ್ 600, ಎಂಸಿಬಿ 4 × 190 = 760, ಆರ್‌ಸಿಸಿಬಿ 1,900. ಒಟ್ಟು 4,210. ಅರ್ತಿಂಗ್ ಪೈಪು, ಇದ್ದಿಲು, ಉಪ್ಪು, ತಂತಿ ಸೇರಿ 2,400.

25,000ದ ಲೆಕ್ಕದಲ್ಲಿ ಆರ್‌ಸಿಸಿಬಿಯೂ ಅರ್ತ್ ಗುಂಡಿಯೂ ಇಲ್ಲ ಅಂತ ನೀವೇ ಹೇಳಿದಿರಿ. ಎಂಸಿಬಿ ಇದ್ದರೆ ಸಾಲದಾ ಅಂದಿರಿ. ಸಾಲದು ಗಣಪತಣ್ಣ. ಎಂಸಿಬಿ ಬೀಳುವುದು ವೈರಿನಲ್ಲಿ ಮಿತಿ ಮೀರಿ ಕರೆಂಟ್ ಹರಿದಾಗ ಅಥವಾ ಶಾರ್ಟ್ ಆದಾಗ. ಮನುಷ್ಯನ ಮೈಯಲ್ಲಿ ಹರಿಯುವ ಕರೆಂಟ್ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಆರ್‌ಸಿಸಿಬಿ ಹಾಗಲ್ಲ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ನಾನು ಹಾಕುವುದರಲ್ಲಿ 30 ಮಿಲಿ ಆಂಪ್ಸ್ ವ್ಯತ್ಯಾಸ ಬರುವಷ್ಟರಲ್ಲಿ ಲೈನ್ ಕಡಿದುಬಿಡುತ್ತದೆ. ನಮ್ಮ ಕಡೆ ಜೂನ್‌ನಿಂದ ಗೋಡೆ, ನೆಲ ಎಲ್ಲಾ ಥಂಡಿ. ಬರಿಗಾಲಲ್ಲಿ ನಿಂತು ಗ್ರೈಂಡರ್ ಮುಟ್ಟುತ್ತೇವೆ. ಎರಡು ವರ್ಷದ ಹಿಂದೆ ಒಂದು ಮನೆಯಲ್ಲಿ ನಾನೇ ದುಡ್ಡು ಉಳಿಸೋಣ ಅಂತ ಒಪ್ಪಿ ಇದನ್ನು ಬಿಟ್ಟಿದ್ದೆ. ಮಳೆಗಾಲದಲ್ಲಿ ಆ ಮನೆಯ ಅಕ್ಕನಿಗೆ ಗ್ರೈಂಡರ್ ಶಾಕ್ ಹೊಡೆಯಿತು. ದೇವರ ದಯೆ, ಕೈ ಬಿಡಿಸಿಕೊಂಡರು. ಮಾರನೇ ದಿನವೇ ಹೋಗಿ ಹಾಕಿ ಬಂದೆ. ಆಮೇಲೆ ಇದಿಲ್ಲದೆ ಯಾವ ಮನೆಯನ್ನೂ ಒಪ್ಪಿಕೊಂಡಿಲ್ಲ.

ಅರ್ತ್ ಗುಂಡಿ ಮುಂದಿನ ಅಂಗಳದಲ್ಲಿ ಬೇಡ. ಅಲ್ಲಿ ಬರೀ ಜಂಬಿಟ್ಟಿಗೆ ಕಲ್ಲು, ಬೇಸಿಗೆಯಲ್ಲಿ ಒಣಗಿ ಅರ್ತ್ ಸರಿಯಾಗಿ ಸಿಗುವುದಿಲ್ಲ. ಬಚ್ಚಲಿನ ನೀರು ಹೋಗುವ ಕಡೆ, ಬಾಳೆಗಿಡದ ಬುಡದ ಹತ್ತಿರ, ಗೋಡೆಯಿಂದ 5 ಅಡಿ ಬಿಟ್ಟು ತೆಗೆಯೋಣ. ಗುಂಡಿ ತೆಗೆಯಲು ನಿಮ್ಮ ತೋಟದ ಆಳು ಕೊಟ್ಟರೆ ಒಳ್ಳೆಯದು.

ಮಜೂರಿ:
ಸಾಮಾನ್ಯ ಪಾಯಿಂಟ್ 13 × 280 = 3,640
ಪವರ್ ಪಾಯಿಂಟ್ 2 × 450 = 900
ಡಿಬಿ ಕೂರಿಸಿ ಕನೆಕ್ಷನ್ 1,500
ಅರ್ತಿಂಗ್ 1,200
ಮೀಟರಿನಿಂದ ಮೇನ್ ಲೈನ್ 800
ಒಟ್ಟು 8,040

ಪಾಯಿಂಟ್ ಮಜೂರಿಯಲ್ಲಿ ಗೋಡೆ ಕೊರೆಯುವುದು, ಪೈಪು, ವೈರ್ ಎಳೆಯುವುದು, ಸ್ವಿಚ್ ಕೂರಿಸುವುದು, ಕೊನೆಗೆ ಲೈಟ್ ಫ್ಯಾನ್ ತೂಗಿಸುವುದು ಎಲ್ಲಾ ಬಂತು. ಕೊರೆದ ಜಾಗಕ್ಕೆ ಗಾರೆ ಮೆತ್ತುವುದು ಮೇಸ್ತ್ರಿಯ ಕೆಲಸ. ಬಲ್ಬು, ಟ್ಯೂಬ್, ಫ್ಯಾನು, ಮೆಸ್ಕಾಂಗೆ ಕಟ್ಟುವುದೇನಾದರೂ ಇದ್ದರೆ ಅದು, ಇವು ಈ ಲೆಕ್ಕದಲ್ಲಿ ಇಲ್ಲ. ತೋಟದ ಪಂಪಿನ ಲೈನೂ ಇಲ್ಲ.

ಸಾಮಾನು 24,794
ಮಜೂರಿ 8,040
ಒಟ್ಟು 32,834 ರೂಪಾಯಿ

ಕಮ್ಮಿ ಮಾಡಲೇಬೇಕು ಅಂದರೆ ಎಕ್ಸಾಸ್ಟ್ ಪಾಯಿಂಟ್ ಬಿಡಬಹುದು, ರಾತ್ರಿ ಬಲ್ಬ್ ಬಿಡಬಹುದು. ಮಾಡ್ಯುಲರ್ ಬದಲು ಹಳೇ ಮಾದರಿ ಪಿಯಾನೋ ಸ್ವಿಚ್ ಹಾಕಿದರೆ ಸಾವಿರದ ಮೇಲೆ ಉಳಿಯುತ್ತದೆ, ಅದೂ ಚೆನ್ನಾಗಿಯೇ ಬಾಳುತ್ತದೆ. ವೈರು, ಅರ್ತ್, ಆರ್‌ಸಿಸಿಬಿ ಮೂರಕ್ಕೆ ಮಾತ್ರ ಕೈ ಹಾಕಬೇಡಿ.

ಸಾಮಾನಿನ ದುಡ್ಡು ನೀವೇ ಅಂಗಡಿಗೆ ಕೊಟ್ಟು ಬಿಲ್ ಇಟ್ಟುಕೊಳ್ಳಿ. ಉಳಿದ ವೈರು, ಪೈಪು ನಿಮ್ಮದೇ. ಮಜೂರಿ ಪೈಪು ಮುಗಿದಾಗ 3,000, ವೈರ್ ಎಳೆದಾಗ 3,000, ಲೈಟ್ ಹತ್ತಿದ ದಿನ 2,040. ಈ ರೇಟು 15 ದಿನ ಇರುತ್ತದೆ. ತಾಮ್ರದ ಬೆಲೆ ಏರಿಳಿದರೆ ವೈರಿನ ಸಾಲು ಮಾತ್ರ ಬದಲಾಗುತ್ತದೆ, ಮಜೂರಿ ಬದಲಾಗುವುದಿಲ್ಲ.

ನಾನೂ ಒಬ್ಬ ಹುಡುಗನೂ ಸೇರಿ 6 ದಿನದ ಕೆಲಸ. ಪೈಪಿನ ಕೆಲಸ ಗಿಲಾವಿಗೆ ಮುಂಚೆ 3 ದಿನ, ಗಿಲಾವು ಒಣಗಿದ ಮೇಲೆ 3 ದಿನ. ಮಳೆ ಹಿಡಿದರೆ ಗೋಡೆ ಒಣಗುವುದೇ ಇಲ್ಲ, ಅದಕ್ಕೆ ಏಪ್ರಿಲ್ ಒಳಗೆ ಶುರು ಮಾಡೋಣ. ಮಂಚ ಯಾವ ಗೋಡೆಗೆ ಬರುತ್ತದೆ ಅಂತ ಅತ್ತಿಗೆಯನ್ನು ಕೇಳಿ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ. ಆ ಪ್ಲಗ್‌ನ ಜಾಗ ಒಂದೇ ಬಾಕಿ.

ಇಂತಿ,
ವೈರಿಂಗ್ ಕೆಲಸದ ಮಂಜುನಾಥ